ಕೋಳಿ ಕಾಲು, ಮೂಳೆ ಪಕ್ಕದ ಕೆಂಪು: ಮೂರನೇ ಸುತ್ತಿನ ದಾಖಲೆ

ಮೊದಲ ಎರಡು ಸುತ್ತಿನಲ್ಲಿ ಓವನ್ನಿನ ಶಾಖ, ಬೇಯಿಸುವ ಹೊತ್ತು ಎರಡನ್ನೂ ಬದಲಿಸಿ ನೋಡಿದ್ದಾಯಿತು. ಎಷ್ಟು ಬೇಯಿಸಿದರೂ ಕಾಲಿನ ಮೂಳೆಯ ಪಕ್ಕ ಕೆಂಪು ಉಳಿಯುತ್ತಲೇ ಇತ್ತು. ಹಾಗಾಗಿ ಈ ಸಲ ಶಾಖದ ಗೊಡವೆ ಬಿಟ್ಟು ಫ್ರೀಜರ್ ಮೇಲೆ ಕಣ್ಣಿಟ್ಟಿದ್ದೇವೆ.

ಒಂದೇ ದಿನ ಕತ್ತರಿಸಿದ ಕೋಳಿಗಳ ಹತ್ತು ಕಾಲು, ಅಂದರೆ ಮಂಡಿಯಿಂದ ಕೆಳಗಿನ ತುಂಡು. ನಾಲ್ಕನ್ನು ಫ್ರೀಜರ್‌ಗೆ ಹಾಕದೆ ಅಂದೇ ಬೇಯಿಸಿದ್ದು. ನಾಲ್ಕನ್ನು ಒಂದು ವಾರ ಫ್ರೀಜರ್‌ನಲ್ಲಿಟ್ಟು, ಆಮೇಲೆ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಒಂದು ದಿನ ಕರಗಿಸಿದ್ದು. ಉಳಿದ ಎರಡಕ್ಕೆ ಮೊದಲೇ ಮೂಳೆ ತೆಗೆದು, ಬರೀ ಮಾಂಸವನ್ನು ಫ್ರೀಜ್ ಮಾಡಿ ಹಾಗೇ ಕರಗಿಸಿದ್ದು. ಮಸಾಲೆ ಯಾವುದಕ್ಕೂ ಇಲ್ಲ, ಉಪ್ಪು ಮಾತ್ರ. ಬಣ್ಣ ನೋಡಬೇಕಾದಾಗ ಖಾರದ ಪುಡಿ ಹಾಕಿದರೆ ಕೆಲಸ ಕೆಟ್ಟ ಹಾಗೆಯೇ. ಓವನ್ 200 ಡಿಗ್ರಿ ಸೆಲ್ಸಿಯಸ್. ಪ್ರತಿ ಗುಂಪಿನಲ್ಲಿ ಅರ್ಧವನ್ನು ಒಳಗೆ 76 ಡಿಗ್ರಿ ಆದಾಗ, ಇನ್ನರ್ಧವನ್ನು 84 ಆದಾಗ ಹೊರತೆಗೆದದ್ದು.

ಕಂಡದ್ದು

ಫ್ರೀಜ್ ಮಾಡದ ನಾಲ್ಕರಲ್ಲಿ ಒಂದರಲ್ಲಷ್ಟೇ ಮಂಡಿ ಕೀಲಿನ ಹತ್ತಿರ ತಿಳಿ ಗುಲಾಬಿ ಇತ್ತು, ಅದೂ 76ಕ್ಕೆ ತೆಗೆದದ್ದರಲ್ಲಿ. ಫ್ರೀಜ್ ಆದ ನಾಲ್ಕರಲ್ಲೂ ಮೂಳೆಗೆ ಅಂಟಿಕೊಂಡಂತೆ ಕಡುಗೆಂಪು ಕಲೆ. 84ಕ್ಕೆ ತೆಗೆದವುಗಳಲ್ಲಿ ಕಲೆ ಹೋಗಿರಲಿಲ್ಲ, ಕಂದು ಕಡೆಗೆ ತಿರುಗಿತ್ತು, ಅಷ್ಟೆ. ಮೂಳೆ ತೆಗೆದು ಫ್ರೀಜ್ ಮಾಡಿದ ಎರಡರಲ್ಲೂ ಕಲೆಯ ಸುಳಿವಿಲ್ಲ.

ಈ ಕೊನೆಯ ಸಾಲೇ ಈ ಸುತ್ತಿನ ಫಲ. ಅದೇ ಮಾಂಸ, ಅದೇ ಫ್ರೀಜರ್, ಮೂಳೆ ಇಲ್ಲ, ಕೆಂಪೂ ಇಲ್ಲ. ಎಂದಮೇಲೆ ಬಣ್ಣ ಬರುತ್ತಿರುವುದು ಮೂಳೆಯೊಳಗಿನಿಂದ.

ಹಾಗಾದರೆ ಅದು ರಕ್ತವೇ?

ಮಾಂಸದಲ್ಲಿ ಉಳಿದುಹೋದ ರಕ್ತವಲ್ಲ, ಮೂಳೆಯ ಮಜ್ಜೆಯ ಬಣ್ಣ. ಮಾಂಸದ ಕೋಳಿಯನ್ನು ಸಾಮಾನ್ಯವಾಗಿ ಆರೇಳು ವಾರಕ್ಕೇ ಕತ್ತರಿಸುತ್ತಾರೆ. ಆ ವಯಸ್ಸಿಗೆ ಮೂಳೆಯಲ್ಲಿ ಸುಣ್ಣದ ಅಂಶ ಇನ್ನೂ ಪೂರ್ತಿ ಕೂತಿರುವುದಿಲ್ಲ, ಗೋಡೆ ತೆಳು, ಸಣ್ಣ ಸಣ್ಣ ರಂಧ್ರ. ಮಜ್ಜೆಯಲ್ಲಿ ರಕ್ತಕಣ ತಯಾರಾಗುತ್ತಿರುವುದರಿಂದ ಹಿಮೋಗ್ಲೋಬಿನ್ ಧಾರಾಳ. ಫ್ರೀಜರ್‌ನಲ್ಲಿ ಮಜ್ಜೆಯ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಣಗಳು ಒಡೆಯುತ್ತವೆ. ಕರಗುವಾಗ ಆ ಕೆಂಪು ನೀರು ರಂಧ್ರಗಳಿಂದ ಜಿನುಗಿ ಸುತ್ತಲ ಮಾಂಸಕ್ಕೆ ಇಳಿಯುತ್ತದೆ. ಬೇಯಿಸಿದಾಗ ಕಡುಗೆಂಪೋ ಕಂದೋ ಕಪ್ಪೋ ಆಗಿ ಅಲ್ಲೇ ನಿಲ್ಲುತ್ತದೆ.

ಬೆಂದ ಮೂಳೆಯನ್ನು ಮುರಿದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ನಡುವಿನ ಗಟ್ಟಿ ಕೊಳವೆಯ ಹೊರಮೈ ಹೆಚ್ಚುಕಡಿಮೆ ಬೆಳ್ಳಗೆ. ಮಂಡಿ ಕಡೆಯ ದಪ್ಪ ತುದಿ ಮಾತ್ರ ಸ್ಪಂಜಿನಂತಿದ್ದು, ಬೆರಳಲ್ಲಿ ಒತ್ತಿದರೆ ಕಡು ಕಂದು ರಸ ಮೇಲೆ ಬರುತ್ತದೆ. ಮಾಂಸದ ಕಲೆಯೂ ಸರಿಯಾಗಿ ಅದೇ ತುದಿಯ ಸುತ್ತ, ಎರಡು ಮೂರು ಮಿಲಿಮೀಟರ್ ಆಳಕ್ಕೆ.

ಕೆಂಪಿದ್ದರೂ ಬೆಂದಿದೆ ಎಂದು ಹೇಗೆ ನಂಬುವುದು?

ಥರ್ಮಾಮೀಟರ್ ಒಂದನ್ನೇ ನಂಬಬೇಕು. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಸಾಯುವುದು ಶಾಖಕ್ಕೆ, ಬಣ್ಣ ಬದಲಾಯಿತು ಎಂದಲ್ಲ. ತುಂಡಿನ ಅತಿ ತಣ್ಣನೆಯ ಜಾಗ 74 ಡಿಗ್ರಿ ಮುಟ್ಟಿದರೆ ಸಾಕು. ಕಾಲಿನ ಮಾಂಸ 80 ದಾಟಿದರೆ ನಾರು ಸಡಿಲಾಗಿ ತಿನ್ನಲು ಚೆನ್ನ, ಆದರೆ ಅದು ರುಚಿಯ ಲೆಕ್ಕ.

ಕಷ್ಟವಿರುವುದು ಆ ತಣ್ಣನೆಯ ಜಾಗ ಹುಡುಕುವುದರಲ್ಲಿ. ಕಡ್ಡಿಯ ತುದಿ ಮೂಳೆಗೆ ತಾಗಿದರೆ ತೋರಿಸುವ ಅಂಕಿ ಮಾಂಸದ್ದಲ್ಲ. ಮೂಳೆ ಮುಟ್ಟುವವರೆಗೆ ಚುಚ್ಚಿ, ಅರ್ಧ ಸೆಂಟಿಮೀಟರ್ ಹಿಂದಕ್ಕೆ ಎಳೆದು, ಅಂಕಿ ನಿಲ್ಲುವವರೆಗೆ ಕಾಯಬೇಕು. ಒಮ್ಮೆ ದಪ್ಪ ಮಾಂಸದಲ್ಲಿ, ಒಮ್ಮೆ ಮಂಡಿ ಕೀಲಿನ ಪಕ್ಕ, ಒಮ್ಮೆ ಹಿಂಬದಿಯಿಂದ. ಮೂರರಲ್ಲಿ ಕಡಿಮೆ ಬಂದದ್ದೇ ಲೆಕ್ಕ. ಥರ್ಮಾಮೀಟರ್ ಮೇಲೆ ಅನುಮಾನವಿದ್ದರೆ, ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಹಾಕಿ ಕಲಕಿ ಅದರಲ್ಲಿ ಅದ್ದಿ. ಸೊನ್ನೆ ತೋರಿಸಬೇಕು.

ಈ ಸುತ್ತಿನಲ್ಲಿ ಎಡವಿದ್ದು

ಫ್ರೀಜ್ ಆದ ನಾಲ್ಕರಲ್ಲಿ ಒಂದು ಕಾಲು ತಟ್ಟೆಯ ಅಡಿಯಲ್ಲಿ ಸಿಕ್ಕಿಕೊಂಡು ಪೂರ್ತಿ ಕರಗಿರಲಿಲ್ಲ. ಅದು ತಿಳಿದದ್ದು ಓವನ್ನಿನಿಂದ ತೆಗೆದ ಮೇಲೆ. ಹೊರಗೆ ಚರ್ಮ ಹೊಂಬಣ್ಣ, ದಪ್ಪ ಮಾಂಸದಲ್ಲಿ 78, ಕೀಲಿನ ಪಕ್ಕ 61. ಅದನ್ನೂ 84ಕ್ಕೆ ತೆಗೆದ ಇನ್ನೊಂದು ಕಾಲನ್ನೂ ಸೀಳಿ ಪಕ್ಕಪಕ್ಕ ಇಟ್ಟಾಗ ಎರಡರಲ್ಲೂ ಮೂಳೆ ಪಕ್ಕ ಕೆಂಪು. ಬಣ್ಣ ನೋಡಿ ಯಾವುದು ಹಸಿ ಎಂದು ಹೇಳುವುದು ಸುಲಭವಿರಲಿಲ್ಲ.

ಬೆರಳಿಗೆ ಮಾತ್ರ ವ್ಯತ್ಯಾಸ ಸಿಕ್ಕಿತು. 61ರದ್ದರಲ್ಲಿ ಮೂಳೆ ಪಕ್ಕದ ಮಾಂಸ ಹೊಳಪಾಗಿ, ಲೋಳೆಯಂತೆ, ಎಳೆದರೂ ಮೂಳೆ ಬಿಡದೆ ಇತ್ತು. 84ರದ್ದರಲ್ಲಿ ಕೆಂಪಾಗಿದ್ದ ಭಾಗವೂ ಮಂಕಾಗಿ, ಎಳೆ ಎಳೆಯಾಗಿ ಬಿಡಿಸಿಕೊಂಡು ಬಂತು. ಇದು ಅನುಮಾನ ಹುಟ್ಟಿಸಲು ಸಾಕು, ತೀರ್ಮಾನಕ್ಕೆ ಸಾಲದು. ಚುಚ್ಚಿದಾಗ ಬರುವ ರಸ ತಿಳಿಯಾಗಿದ್ದರೆ ಬೆಂದಂತೆ ಎನ್ನುವ ಮಾತೂ ಅಷ್ಟೇ, 61ರ ಕಾಲಿನ ದಪ್ಪ ಭಾಗದಿಂದ ತಿಳಿ ರಸವೇ ಬಂದಿತ್ತು. ಅದನ್ನು ಮತ್ತೆ 12 ನಿಮಿಷ ಓವನ್ನಿಗಿಟ್ಟ ಮೇಲೆ ಕೀಲಿನ ಪಕ್ಕವೂ 79 ಬಂತು. ಕೆಂಪು ಹಾಗೇ ಇತ್ತು.

ಮೂಳೆಯಿಂದ ದೂರದ ಮಾಂಸವೂ ಗುಲಾಬಿ ಆಗುವುದೇಕೆ?

ಅದರ ಕಾರಣ ಬೇರೆ. ಮಾಂಸದ ಸ್ವಂತ ಬಣ್ಣ ಮಯೋಗ್ಲೋಬಿನ್. ಮಾಂಸದ ಹುಳಿ ಕಡಿಮೆಯಿದ್ದಷ್ಟೂ ಅದು ಶಾಖ ತಡೆದುಕೊಳ್ಳುತ್ತದೆ. ಎದೆಗಿಂತ ತೊಡೆ, ಕಾಲಿನ ಮಾಂಸದಲ್ಲಿ ಹುಳಿ ಕಡಿಮೆ. ಮೃದುವಾಗಲೆಂದು ಅಡುಗೆ ಸೋಡಾ ಸವರಿದರೆ ಇನ್ನೂ ಕಡಿಮೆಯಾಗಿ ಗುಲಾಬಿ ಹೆಚ್ಚುತ್ತದೆ. ಹೊರಗಿನ ಅಂಚಿಗಷ್ಟೇ ಉಂಗುರದಂತೆ ಗುಲಾಬಿ ಕಂಡರೆ ಅದು ಕೆಂಡದ ಹೊಗೆಯ ಅಥವಾ ಗ್ಯಾಸ್ ಉರಿಯ ಅನಿಲಗಳ ಕೆಲಸ.

ನಿಂಬೆರಸ, ಮೊಸರು ಹಚ್ಚಿದರೆ ಕಲೆ ಹೋಗುತ್ತದೆಯೇ?

ಮೇಲಿನ ಮಾಂಸದ ಗುಲಾಬಿ ತುಸು ಇಳಿಯಬಹುದು. ಮೂಳೆಯ ಬುಡದ ತನಕ ಹುಳಿ ಇಳಿಯುವುದಿಲ್ಲ, ಮಜ್ಜೆಯ ಕಲೆ ಹಾಗೇ ಉಳಿಯುತ್ತದೆ. ಕಲೆ ಬೇಡವೇ ಬೇಡ ಎಂದರೆ ಫ್ರೀಜ್ ಮಾಡುವ ಮೊದಲೇ ಮೂಳೆ ಬಿಡಿಸಬೇಕು, ಇಲ್ಲವೇ ಫ್ರೀಜ್ ಆಗದ ಕೋಳಿ ಬಳಸಬೇಕು. ಕರಗಿಸಿದ ಮೇಲೆ ಮೂಳೆ ತೆಗೆದರೆ ಅರ್ಧ ಲಾಭ, ಆ ಹೊತ್ತಿಗೆ ಜಿನುಗಿದ್ದು ಜಿನುಗಿ ಆಗಿರುತ್ತದೆ.

ನಾಲ್ಕನೇ ಸುತ್ತಿಗೆ

ಒಂದು ಗುಂಪಿನ ಕಾಲುಗಳನ್ನು ಬಿಡಿಬಿಡಿಯಾಗಿ ಹರಡಿ ಬೇಗ ಹೆಪ್ಪುಗಟ್ಟಿಸುವುದು, ಇನ್ನೊಂದನ್ನು ದಪ್ಪ ಕಟ್ಟಾಗಿ ನಿಧಾನಕ್ಕೆ. ನಿಧಾನಕ್ಕೆ ಗಟ್ಟಿಯಾದಾಗ ಹಿಮದ ಹರಳು ದೊಡ್ಡದಾಗುತ್ತದೆ. ಕಲೆಯ ಅಗಲವನ್ನು ಈ ಸಲ ಕಣ್ಣಳತೆಗೆ ಬಿಡದೆ ಸ್ಕೇಲಿನಲ್ಲೇ ಅಳೆಯುವುದು. ಕರಗಿಸುವ ತಟ್ಟೆಯಲ್ಲಿ ಒಂದರ ಮೇಲೊಂದು ಕಾಲು ಇಡುವಂತಿಲ್ಲ.