ಕುಡಿಯೋದು ನಿಲ್ಲಿಸಿದ್ರೆ ಹೋಗೋದೂ ನಿಲ್ಲುತ್ತಾ?

"ಕುಡಿಯೋದು ಕಮ್ಮಿ ಮಾಡೋ, ಹೋಗೋದು ತಾನಾಗೇ ಕಮ್ಮಿ ಆಗುತ್ತೆ." ಈ ವಾರ ವಾರ್ಡಿನಲ್ಲಿ ಒಬ್ಬ ಸೋದರಮಾವ ಅಳಿಯನ ಕೈಯಿಂದ ನೀರಿನ ಬಾಟಲಿ ತೆಗೆದಿಟ್ಟುಕೊಂಡು ಹೇಳಿದ ಮಾತಿದು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ಹುಡುಗ. ಎರಡನೇ ದಿನದಿಂದ ಗಂಟೆಗೆ 400 ಮಿಲಿಯಷ್ಟು ಮೂತ್ರ, ನೋಡಲು ನಲ್ಲಿ ನೀರಿನ ಹಾಗೇ. ರಾತ್ರಿಯೆಲ್ಲ ನಿದ್ದೆಗೆಟ್ಟು ಬ್ಯಾಗ್ ತುಂಬಿದಾಗಲೆಲ್ಲ ನರ್ಸನ್ನು ಕರೆದವರು ಆ ಮಾವನೇ. ಅವರ ಕಾಳಜಿಯಲ್ಲಿ ಕೊರತೆಯಿರಲಿಲ್ಲ. ಪಕ್ಕದಲ್ಲಿದ್ದ ಡ್ಯೂಟಿ ಡಾಕ್ಟರ್ ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದದ್ದು ಮಾತ್ರ ನನಗೆ ಸಹಿಸಲಾಗಲಿಲ್ಲ.

"ಮಾವ, ಒಂದೇ ಗುಟುಕು" ಅಂದ ಹುಡುಗ. ಆ ಮಾತನ್ನು ನಂಬಬೇಕಿತ್ತು. ಅವನ ಮಿದುಳಿನಲ್ಲಿ ಇನ್ನೂ ಸರಿಯಾಗಿ ಕೆಲಸ ಮಾಡುತ್ತಿದ್ದ ಕಾವಲು ಅದೊಂದೇ.

ಮಿದುಳಿನ ಅಡಿಭಾಗದಲ್ಲಿರುವ ಹೈಪೋಥಲಾಮಸ್ ಬರೀ 4 ಗ್ರಾಂ ತೂಗುತ್ತದೆ. ಮೈ ಬಿಸಿ, ಹಸಿವು, ಬಾಯಾರಿಕೆ ಎಲ್ಲದರ ಲೆಕ್ಕ ಅಲ್ಲೇ. ರಕ್ತ ಶೇಕಡಾ 1ರಿಂದ 2ರಷ್ಟು ಗಟ್ಟಿಯಾದರೂ ಅಲ್ಲಿನ ಕೋಶಗಳಿಗೆ ತಿಳಿಯುತ್ತದೆ. ಆಗ ಅದು ಎರಡು ಕೆಲಸ ಮಾಡುತ್ತದೆ: ಬಾಯಾರಿಕೆ ಹುಟ್ಟಿಸುತ್ತದೆ, ವ್ಯಾಸೋಪ್ರೆಸಿನ್ ಹಾರ್ಮೋನನ್ನು ಬಿಡಿಸುತ್ತದೆ. ಈ ಹಾರ್ಮೋನ್ ತಯಾರಾಗುವುದು ಹೈಪೋಥಲಾಮಸ್‌ನಲ್ಲಿ. ಒಂದು ತೆಳು ಕಾಂಡದೊಳಗಿನ ನರತಂತುಗಳ ಮೂಲಕ ಇಳಿದು ಮಿದುಳಿನ ಕೆಳಗೆ ತೂಗುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ದಾಸ್ತಾನಾಗುತ್ತದೆ. ಮೂತ್ರಕ್ಕೆ ಹೊರಟ ನೀರನ್ನು ಮತ್ತೆ ರಕ್ತಕ್ಕೆ ಎಳೆದುಕೋ ಎಂದು ಮೂತ್ರಪಿಂಡಕ್ಕೆ ಹೇಳುವುದು ಅದೇ.

ತಲೆಗೆ ಬಲವಾದ ಪೆಟ್ಟು ಬಿದ್ದಾಗ ಈ ಕಾಂಡ ಜಗ್ಗಿ ಘಾಸಿಯಾಗಬಹುದು. ಹಾರ್ಮೋನ್ ನಿಂತರೆ ಮೂತ್ರಪಿಂಡ ನೀರನ್ನು ಹಿಡಿದಿಡಲಾರದು. ಇದು ಡಯಾಬಿಟಿಸ್ ಇನ್ಸಿಪಿಡಸ್. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಮಾವನ ಲೆಕ್ಕ ತಿರುವುಮುರುವಾಗಿತ್ತು. ಹುಡುಗ ಕುಡಿದದ್ದಕ್ಕೆ ಹೋಗುತ್ತಿರಲಿಲ್ಲ, ಹೋಗುತ್ತಿದ್ದದ್ದಕ್ಕೆ ಕುಡಿಯುತ್ತಿದ್ದ. ಬಾಟಲಿ ಕಿತ್ತುಕೊಂಡರೂ ಮೂತ್ರ ಹರಿಯುತ್ತಲೇ ಇರುತ್ತದೆ, ರಕ್ತದ ಸೋಡಿಯಂ ಏರುತ್ತದೆ, ಮಂಪರು ಕವಿಯುತ್ತದೆ, ಫಿಟ್ಸ್ ಬರಬಹುದು. 2009ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಇದೇ ಕಾಯಿಲೆಯಿದ್ದ 22 ವರ್ಷದ ಯುವಕ ನೀರಿಗಾಗಿ ಪೊಲೀಸರಿಗೆ ಫೋನ್ ಮಾಡಿದ್ದ. ಔಷಧಿಯೂ ಸಿಗದೆ, ನೀರೂ ಸಾಲದೆ ತೀರಿಕೊಂಡ.

ನಮ್ಮ ಹುಡುಗನ ಸಕ್ಕರೆ 108. ಸೋಡಿಯಂ 151, ಇರಬೇಕಾದದ್ದು 135ರಿಂದ 145. ಎಷ್ಟು ಗಟ್ಟಿ ಎಂದು ಹೇಳುವ ಆಸ್ಮೊಲಾಲಿಟಿ ರಕ್ತದ್ದು 312, ಮೂತ್ರದ್ದು ಬರೀ 110. ರಕ್ತ ಗಟ್ಟಿಯಾಗುತ್ತಿದ್ದರೂ ಮೂತ್ರ ಇಷ್ಟು ತೆಳುವಾಗಿದೆಯೆಂದರೆ ಅನುಮಾನಕ್ಕೆ ಎಡೆಯಿಲ್ಲ. ಆಗಲೇ ಸೋಡಿಯಂ ಏರಿರುವವರಿಗೆ ನೀರು ನಿಲ್ಲಿಸಿ ಮಾಡುವ ಪರೀಕ್ಷೆ ಬೇಡ, ಅದು ಅಪಾಯ. ಬಾಟಲಿ ವಾಪಸ್ ಕೊಡಿಸಿ, ವ್ಯಾಸೋಪ್ರೆಸಿನ್‌ನ ಕೆಲಸವನ್ನೇ ಮಾಡುವ ಔಷಧಿ ಡೆಸ್ಮೊಪ್ರೆಸಿನ್ 1 ಮೈಕ್ರೋಗ್ರಾಂ ಇಂಜೆಕ್ಷನ್ ಕೊಟ್ಟ ಮೇಲೆ ಕೆಲವೇ ಗಂಟೆಗಳಲ್ಲಿ ಮೂತ್ರ ಇಳಿಯಿತು, ಬಣ್ಣವೂ ಬಂತು.

ಆದರೆ ಮಾವನ ಮಾತು ನನ್ನನ್ನು ಬಿಡುತ್ತಿಲ್ಲ, ಏಕೆಂದರೆ ಅದೇ ಮಾತು ಮುಂದಿನ ವಾರ ನಿಜವಾಗಬಹುದು. ಕಾಂಡಕ್ಕೆ ಪೆಟ್ಟಾದ ಕೆಲವರಲ್ಲಿ ಐದಾರು ದಿನಗಳಾದ ಮೇಲೆ, ಸಾಯುತ್ತಿರುವ ನರತಂತುಗಳಿಂದ ದಾಸ್ತಾನಿದ್ದ ಹಾರ್ಮೋನೆಲ್ಲ ಹಿಡಿತವಿಲ್ಲದೆ ಸೋರುತ್ತದೆ. ಆಗ ಮೂತ್ರ ಇದ್ದಕ್ಕಿದ್ದಂತೆ ಕಮ್ಮಿಯಾಗುತ್ತದೆ. ಕಾಯಿಲೆ ವಾಸಿಯಾಯಿತೆಂದು ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತದು. ಆಗಲೂ ಹಳೆಯ ಚೀಟಿ ನೋಡಿ ಡೆಸ್ಮೊಪ್ರೆಸಿನ್ ಕೊಡುತ್ತಾ, ಲೀಟರ್‌ಗಟ್ಟಲೆ ನೀರು ಕುಡಿಸುತ್ತಾ ಹೋದರೆ ಸೋಡಿಯಂ 120ಕ್ಕಿಂತ ಕೆಳಗಿಳಿದು ಮಿದುಳು ಊದಿಕೊಳ್ಳಬಹುದು. ಆ ದಿನಗಳಲ್ಲಿ ಔಷಧಿ ನಿಲ್ಲಿಸಬೇಕು, ನೀರನ್ನು ಅಳೆದೇ ಕೊಡಬೇಕು. ದಾಸ್ತಾನು ಬರಿದಾದ ಮೇಲೆ ಮೂತ್ರದ ಹೊಳೆ ಮತ್ತೆ ಶುರುವಾಗಬಹುದು, ಕೆಲವರಿಗೆ ಶಾಶ್ವತವಾಗಿ. ಎಲ್ಲರಿಗೂ ಈ ಮೂರು ಹಂತ ಬರುವುದಿಲ್ಲ. ಯಾರಿಗೆ ಬರುತ್ತದೆಂದು ಮೊದಲೇ ಹೇಳಲೂ ಆಗದು. ಅದಕ್ಕೇ ದಿನಕ್ಕೆರಡು ಸಲ ಸೋಡಿಯಂ ನೋಡುವುದು, ಗಂಟೆಗಂಟೆಗೆ ಮೂತ್ರ ಅಳೆಯುವುದು, ಮೂತ್ರ ಮತ್ತೆ ತೆಳ್ಳಗೆ ಹರಿಯತೊಡಗಿದ ಮೇಲಷ್ಟೇ ಮುಂದಿನ ಡೋಸ್ ಕೊಡುವುದು.

ಇನ್ನೂ ಕಷ್ಟದ ರೋಗಿಗಳಿದ್ದಾರೆ. ಪೆಟ್ಟು ಬಾಯಾರಿಕೆಯ ಕೋಶಗಳಿಗೇ ಬಿದ್ದಿದ್ದರೆ ಸೋಡಿಯಂ 160 ಆದರೂ ಅವರು ನೀರು ಕೇಳುವುದಿಲ್ಲ. ಅಂಥವರಿಗೆ ದಿನಾ ಬೆಳಿಗ್ಗೆ ತೂಕ ನೋಡಿ, ಎಷ್ಟು ಇಳಿದಿದೆಯೋ ಅಷ್ಟನ್ನು ಸೇರಿಸಿ ಹೊತ್ತುಹೊತ್ತಿಗೆ ಕುಡಿಸಬೇಕು.

ಮಾವನಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೇವೆ. ಒಳಗೆ ಹೋದದ್ದು ಒಂದು ಕಡೆ, ಹೊರಗೆ ಬಂದದ್ದು ಇನ್ನೊಂದು ಕಡೆ, ಪಕ್ಕದಲ್ಲಿ ಗಂಟೆ. ಎರಡು ಗಂಟೆ ಒಂದೇ ಸಮ 250 ಮಿಲಿ ದಾಟಿದರೂ ಕರೆಯಬೇಕು, ಇದ್ದಕ್ಕಿದ್ದಂತೆ 30 ಮಿಲಿಗಿಂತ ಕಮ್ಮಿಯಾದರೂ ಕರೆಯಬೇಕು. "ಕಮ್ಮಿ ಆದ್ರೂ ಹೇಳ್ಬೇಕಾ ಸಾರ್?" ಎಂದು ಅವರು ಎರಡು ಸಲ ಕೇಳಿ ಬರೆದುಕೊಂಡರು.