ಮಂಚದ ಕಾಲು, ಸೊಳ್ಳೆ, ಪನಾಮಾ

ಪನಾಮಾ ಕಾಲುವೆ ಬಗ್ಗೆ ಓದಿದ್ರಲ್ಲಿ ಒಂದ್ ವಿಷ್ಯ ತಲೇಲೇ ಕೂತ್ಬಿಟ್ಟಿದೆ. 1880ರ ದಶಕದಲ್ಲಿ ಫ್ರೆಂಚರು ಅಗೀತಿದ್ದಾಗ ಆಸ್ಪತ್ರೇಲಿ ಇರುವೆ ಹತ್ತಬಾರ್ದು ಅಂತ ಮಂಚದ ಕಾಲುಗಳ್ನ ನೀರಿನ ಬಟ್ಟಲಲ್ಲಿ ಇಡ್ತಿದ್ರಂತೆ, ಆ ನೀರಲ್ಲೇ ಸೊಳ್ಳೆ ಮರಿಯಾಗಿ, ಬೇರೆ ಕಾಯಿಲೆಗೆ ಅಂತ ಬಂದೋರಿಗೂ ಹಳದಿ ಜ್ವರ ಅಂಟ್ತಿತ್ತು. ಸೊಳ್ಳೆಯಿಂದ ಬರತ್ತೆ ಅಂತ ಅವ್ರಿಗೆ ಗೊತ್ತೇ ಇರ್ಲಿಲ್ಲ ಪಾಪ. ಕಾಯಿಲೆ, ಅಪಘಾತ ಎಲ್ಲಾ ಸೇರಿ ಸುಮಾರು 20 ಸಾವಿರ ಜನ ತೀರಿಹೋದ್ರು. ಒಳ್ಳೇದಕ್ಕೆ ಅಂತ ಇಟ್ಟ ನೀರು ನೋಡಿ!

1904ರಲ್ಲಿ ಅಮೆರಿಕದೋರು ಕೈಗೆತ್ಕೊಂಡ್ಮೇಲೆ ಡಾಕ್ಟರ್ ಗೋರ್ಗಸ್ ಮನೆಮನೆಗೂ ಹೊಗೆ ಹಾಕ್ಸಿ, ನಿಂತ ನೀರಿಗೆ ಎಣ್ಣೆ ಸುರಿಸಿದ್ರು, ಜನ ಪಾತ್ರೆಲಿ ನೀರು ಹಿಡಿದಿಡೋದು ತಪ್ಪಲಿ ಅಂತ ಊರಿಗೆ ನಲ್ಲಿನೂ ಬಂತು. 1906ರ ಹೊತ್ತಿಗೆ ಹಳದಿ ಜ್ವರ ನಿಂತೇಹೋಯ್ತು, ಮಲೇರಿಯಾ ಮಾತ್ರ ಕಮ್ಮಿ ಆಯ್ತೇ ಹೊರತು ಪೂರ್ತಿ ಹೋಗ್ಲಿಲ್ಲ.

ಮಣ್ಣು ಇನ್ನೂ ಹಠಮಾರಿ. ಕುಲೇಬ್ರಾ ಗುಡ್ಡ ಕಡೀತಾ ಹೋದಷ್ಟೂ ಮಳೇಲಿ ನೆನೆದ ಜೇಡಿ ಜಾರಿ ರೈಲು ಹಳಿ, ಅಗೆಯೋ ಮಷೀನು ಎಲ್ಲಾ ಮುಚ್ಕೊಳ್ತಿತ್ತು, ಕೆಲವು ಕಡೆ ಪಕ್ಕದ ಗುಡ್ಡದ ಭಾರಕ್ಕೆ ಕಾಲುವೆ ತಳವೇ ಮೇಲಕ್ಕೆ ಉಬ್ಬಿ ಬರ್ತಿತ್ತಂತೆ. ಮತ್ತೆ ಅಗಿ, ಇಳಿಜಾರು ಇನ್ನಷ್ಟು ಅಗಲ ಮಾಡು, ಅಷ್ಟೇ ದಾರಿ. 1914ರ ಆಗಸ್ಟಲ್ಲಿ ಕಾಲುವೆ ಶುರುವಾಯ್ತು, ಮರುವರ್ಷವೇ ಗುಡ್ಡ ಕುಸಿದು ತಿಂಗಳುಗಟ್ಟಲೆ ಬಂದ್.