ಟಿಕೆಟ್ 47ರ ಪ್ರಗತಿ: ಮುಗಿದದ್ದು, ತಡೆ, ಮುಂದಿನದು

ಹಳೆಯ ಕನ್ನಡ ಪುಸ್ತಕಗಳ ಸೂಚಿಯಲ್ಲಿ ಹುಡುಕಾಟ ಸರಿಯಾಗಿ ನಡೆಯುವಂತೆ ಮಾಡುವ ನಮ್ಮ ಹವ್ಯಾಸದ ಯೋಜನೆಯಲ್ಲಿ ಈ ತಿಂಗಳ ಹೆಚ್ಚಿನ ಸಮಯ ಟಿಕೆಟ್ 47ಕ್ಕೆ ಹೋಗಿದೆ. ‘ಕೊಡಗು’ ಎಂದು ಹುಡುಕಿದರೆ ಆ ಪದವಿರುವ ಕೆಲವು ಶೀರ್ಷಿಕೆಗಳು ಸಿಗುತ್ತವೆ, ಕೆಲವು ಸಿಗುವುದಿಲ್ಲ ಎಂಬುದು ಅದರಲ್ಲಿರುವ ದೂರು. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ U+0CCA ಎಂಬ ಒಂದೇ ಸಂಕೇತವಾಗಿಯೂ, U+0CC6 ಮತ್ತು U+0CC2 ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆಯಾದರೂ ಡೇಟಾಬೇಸ್‌ಗೆ ಅವು ಬೇರೆ ಬೇರೆ ಪದಗಳು. ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ.

ಆದರೆ ಈ ದಾಖಲೆಯಲ್ಲಿ ನಾನು ಮುಖ್ಯವಾಗಿ ಬರೆಯಬೇಕೆಂದಿರುವುದು ಆ ಟಿಕೆಟ್‌ನಲ್ಲಿ ನಾವು ಹಾಕುವ ಟಿಪ್ಪಣಿಗಳ ಬಗ್ಗೆ. ನಮ್ಮ ತಂಡದವರೆಲ್ಲರೂ ಕಚೇರಿ ಮುಗಿಸಿ ಬಂದ ಮೇಲೆ ಕೆಲಸ ಮಾಡುವವರು. ಸರ್ವರ್ ನೋಡಿಕೊಳ್ಳುವವರು ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಟಿಪ್ಪಣಿ ಓದಿ ಅವರು ಒಂದು ಪ್ರಶ್ನೆ ಕೇಳಬೇಕಾದರೆ, ಉತ್ತರ ಅವರ ಕೈಗೆ ಸಿಗುವ ಹೊತ್ತಿಗೆ ಒಂದು ದಿನ ಕಳೆದಿರುತ್ತದೆ. ನಮ್ಮ ಟಿಕೆಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದ ಟಿಪ್ಪಣಿ ಹೀಗಿರುತ್ತಿತ್ತು:

> ಕೆಲಸ ಬಹುತೇಕ ಮುಗಿದಿದೆ. ಸರ್ವರ್ ವಿಷಯದಲ್ಲಿ ಸ್ವಲ್ಪ ತಡೆಯಾಗಿದೆ. ನಾಳೆ ಮುಂದುವರಿಸುತ್ತೇನೆ.

ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಓದಿದವರು ಇದನ್ನು ನೆಚ್ಚಿಕೊಂಡು ಏನನ್ನೂ ಮಾಡಲಾರರು. ಮುಗಿದದ್ದು ಬರೆಯುವವರ ಕಂಪ್ಯೂಟರಿನಲ್ಲೋ, `main` ಶಾಖೆಯಲ್ಲೋ, ಓದುಗರು ಬಳಸುವ ತಾಣದಲ್ಲೋ ಎಂಬುದು ತಿಳಿಯುವುದಿಲ್ಲ. ತಡೆಯನ್ನು ಯಾರು ತೆಗೆಯಬೇಕೆಂಬುದೂ ತಿಳಿಯುವುದಿಲ್ಲ. ‘ನಾಳೆ’ ಎಂಬ ಮಾತಂತೂ ಇಲ್ಲಿ ಸೋಮವಾರ ಬೆಳಗ್ಗೆ ಬರೆದಾಗ ಅಲ್ಲಿ ಇನ್ನೂ ಭಾನುವಾರ ಸಂಜೆಯಾಗಿರುವುದರಿಂದ ಇಬ್ಬರಿಗೆ ಎರಡು ದಿನಗಳನ್ನು ಸೂಚಿಸುತ್ತದೆ. ಅದೇ ಸ್ಥಿತಿಯನ್ನು ಟಿಕೆಟ್ 47ರಲ್ಲಿ ಈ ಬಾರಿ ಹೀಗೆ ಬರೆದೆ:

> ಮುಗಿದದ್ದು: ಹೊಸದಾಗಿ ಸೇರಿಸುವ ಶೀರ್ಷಿಕೆಗಳೂ ಹುಡುಕಾಟದ ಪದಗಳೂ ಈಗ ಎನ್‌ಎಫ್‌ಸಿ ರೂಪಕ್ಕೆ ಬರುತ್ತವೆ. ಬದಲಾವಣೆ `main` ಶಾಖೆಗೆ ಸೇರಿದೆ, ಪರೀಕ್ಷಾ ಸರ್ವರ್‌ನಲ್ಲಿದೆ; ಮುಖ್ಯ ತಾಣದಲ್ಲಿ ಇನ್ನೂ ಇಲ್ಲ. ಎರಡು ಸಂಕೇತಗಳಲ್ಲಿ ಬರೆದ ‘ಕೊಡಗು’ ಸೇರಿಸಿ, ಒಂದು ಸಂಕೇತದ ರೂಪದಲ್ಲಿ ಹುಡುಕಿದೆ, ಸಿಕ್ಕಿತು. ಹಳೆಯ ದಾಖಲೆಗಳನ್ನು ಮುಟ್ಟಿಲ್ಲ.
>
> ತಡೆ: ಹಳೆಯ ದಾಖಲೆಗಳಿಗೆ ಬೇಕಾದ `normalize()` ಪೋಸ್ಟ್‌ಗ್ರೆಸ್ 13ರಿಂದ ಮಾತ್ರ ಲಭ್ಯ, ಪರೀಕ್ಷಾ ಸರ್ವರ್‌ನಲ್ಲಿ `SELECT version();` 12 ಎಂದು ತೋರಿಸುತ್ತಿದೆ. ಅದನ್ನು ಬದಲಿಸುವ ಅನುಮತಿ ಸರ್ವರ್ ನೋಡಿಕೊಳ್ಳುವವರಿಗೆ ಮಾತ್ರ ಇದೆ. ದಯವಿಟ್ಟು `pg_dump` ಮೂಲಕ ಪ್ರತಿ ತೆಗೆದಿಟ್ಟು, ಪರೀಕ್ಷಾ ಸರ್ವರನ್ನು ಮಾತ್ರ 16ಕ್ಕೆ ಏರಿಸಿಕೊಡಿ. ಭಾರತೀಯ ಸಮಯ ಮಾರ್ಚ್ 14, ಶನಿವಾರ ರಾತ್ರಿ 9ರೊಳಗೆ ಸಾಧ್ಯವಾಗದಿದ್ದರೆ ಇದೇ ಕೆಲಸವನ್ನು ಪೈಥಾನ್ ಸ್ಕ್ರಿಪ್ಟ್‌ನಿಂದ ಮಾಡುತ್ತೇನೆ. ಅದು ನಿಧಾನ, ಆದರೆ ನಡೆಯುತ್ತದೆ.
>
> ಮುಂದಿನದು: ಆವೃತ್ತಿ ಬದಲಾದ ಮೇಲೆ ಮೊದಲು ಕೆಳಗಿನ ಎಣಿಕೆ ನಡೆಸಿ, ಫಲಿತಾಂಶವನ್ನು ಇಲ್ಲಿಯೇ ಹಾಕುತ್ತೇನೆ. ಎಣಿಕೆ ನೋಡುವವರೆಗೆ ಏನನ್ನೂ ಬದಲಿಸುವುದಿಲ್ಲ.

```sql
SELECT count(*) FROM books
WHERE title IS NOT NFC NORMALIZED;
```

‘ಮುಗಿದದ್ದು’ ಭಾಗದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಕೊನೆಯ ಪುಟ್ಟ ವಾಕ್ಯ. ಹಳೆಯ ದಾಖಲೆಗಳನ್ನು ಮುಟ್ಟಿಲ್ಲ ಎಂದು ಬರೆಯದಿದ್ದರೆ, ಪರೀಕ್ಷೆ ಮಾಡುವವರು ಹಳೆಯ ಪುಸ್ತಕವೊಂದನ್ನು ಹುಡುಕಿ, ಸಿಗಲಿಲ್ಲವೆಂದು ಅದೇ ದೂರನ್ನು ಹೊಸ ಟಿಕೆಟ್ ಆಗಿ ದಾಖಲಿಸುವುದು ಖಂಡಿತ. ಆದ್ದರಿಂದ ಮುಗಿದ ಕೆಲಸದ ಎಲ್ಲೆ ಎಲ್ಲಿದೆ, ಅದು ಮುಗಿದಿದೆಯೆಂದು ಹೇಗೆ ನೋಡಿಕೊಂಡೆವು ಎಂಬೆರಡನ್ನೂ ಈಗ ತಪ್ಪದೆ ಬರೆಯುತ್ತಿದ್ದೇವೆ. ಎಷ್ಟು ಕಷ್ಟಪಟ್ಟೆವು, ದಾರಿಯಲ್ಲಿ ಯಾವ ಪ್ರಯತ್ನಗಳನ್ನು ಕೈಬಿಟ್ಟೆವು ಎಂಬುದಕ್ಕೆ ಸ್ಥಿತಿ ತಿಳಿಸುವ ಟಿಪ್ಪಣಿಯಲ್ಲಿ ಜಾಗವಿಲ್ಲ. ಅದನ್ನು ಕಮಿಟ್ ಸಂದೇಶದಲ್ಲಿ ಬರೆಯುವುದೇ ಮೇಲು.

ತಡೆಯ ಭಾಗಕ್ಕೆ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅದು ವರದಿಯಷ್ಟೇ ಅಲ್ಲ, ಇನ್ನೊಬ್ಬರ ಮುಂದಿಡುವ ಕೋರಿಕೆಯೂ ಹೌದು. ಯಾರು ಮಾಡಬೇಕು, ನಿಖರವಾಗಿ ಏನು ಮಾಡಬೇಕು, ಏನನ್ನು ಮಾಡಬಾರದು ಎಂಬುದೆಲ್ಲ ಅಲ್ಲಿಯೇ ಇರಬೇಕು. ‘ಪರೀಕ್ಷಾ ಸರ್ವರನ್ನು ಮಾತ್ರ’ ಎಂಬ ಮಾತು ಇಲ್ಲದಿದ್ದರೆ, ಮುಖ್ಯ ತಾಣದ ಡೇಟಾಬೇಸನ್ನೂ ಏರಿಸಬೇಕೇ ಎಂಬ ಪ್ರಶ್ನೆ ಬಂದೇ ಬರುತ್ತಿತ್ತು. ಗಡುವು ಮೀರಿದರೆ ನಾನೇನು ಮಾಡುತ್ತೇನೆ ಎಂಬುದನ್ನು ಬರೆದದ್ದರಿಂದ, ಅವರಿಗೆ ಬಿಡುವಿಲ್ಲದಿದ್ದರೆ ಉತ್ತರ ಬರೆಯುವ ಅಗತ್ಯವೂ ಇರುವುದಿಲ್ಲ. ಸುಮ್ಮನಿದ್ದರೂ ಕೆಲಸ ಯಾವ ದಾರಿ ಹಿಡಿಯುತ್ತದೆಂಬುದು ಇಬ್ಬರಿಗೂ ಗೊತ್ತಿರುತ್ತದೆ. ಆವೃತ್ತಿಯ ಸಾಕ್ಷ್ಯವಾಗಿ ಆದೇಶವನ್ನೂ ಅದರ ಉತ್ತರವನ್ನೂ ಕೊಡುವುದು ಇನ್ನೊಂದು ಕಾರಣಕ್ಕೆ ಒಳ್ಳೆಯದು: ತಡೆಯೆಂದು ನಾವು ತಿಳಿದದ್ದು ನಿಜಕ್ಕೂ ತಡೆಯೇ ಎಂಬುದನ್ನು ಓದುವವರು ತಾವೇ ಪರೀಕ್ಷಿಸಬಹುದು.

ಎಲ್ಲ ಕಾಯುವಿಕೆಯೂ ತಡೆಯಲ್ಲ. ಇದೇ ಟಿಕೆಟ್‌ನ ಇನ್ನೊಂದು ಬದಲಾವಣೆ ಆಗ ಪರಿಶೀಲನೆಗೆ ಕಾದಿತ್ತು. ಅದಿಲ್ಲದೆಯೂ ಕೆಲಸ ಸಾಗುತ್ತಿದ್ದುದರಿಂದ ಅದನ್ನು ತಡೆಯ ಭಾಗದಲ್ಲಿ ಸೇರಿಸಲಿಲ್ಲ. ನಿಧಾನವಾಗಿರುವುದನ್ನೆಲ್ಲ ತಡೆಯೆಂದು ಕರೆದರೆ, ನಿಜವಾದ ತಡೆ ಬಂದಾಗ ಯಾರೂ ಬೇಗ ನೋಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

‘ಮುಂದಿನದು’ ಭಾಗದಲ್ಲಿ ಮುಂದಿನ ಒಂದೇ ಹೆಜ್ಜೆ ಸಾಕು, ಆದರೆ ಅದು ನಾನಿಲ್ಲದಿದ್ದರೂ ಬೇರೆಯವರು ನಡೆಸಬಹುದಾದಷ್ಟು ಸ್ಪಷ್ಟವಾಗಿರಬೇಕು.

ಸರ್ವರ್ ನೋಡಿಕೊಳ್ಳುವವರು ಗಡುವಿಗೆ ಮೊದಲೇ ಆವೃತ್ತಿ ಬದಲಿಸಿ, ‘16 ಆಯಿತು, ಪ್ರತಿ ಇದೆ’ ಎಂದಷ್ಟೇ ಬರೆದರು. ಶೀರ್ಷಿಕೆಗಳ ಎಣಿಕೆಯ ಜೊತೆಗೆ ಲೇಖಕರ ಹೆಸರುಗಳನ್ನೂ ಹಾಗೆಯೇ ನೋಡಿದಾಗ ಹೊಸ ತೊಡಕೊಂದು ಕಾಣಿಸಿತು. ಲೇಖಕರ ಹೆಸರುಗಳ ಪಟ್ಟಿಯಲ್ಲಿ ಒಂದು ಹೆಸರು ಒಮ್ಮೆ ಮಾತ್ರ ಇರಬೇಕೆಂಬ ನಿಬಂಧನೆ ಇದೆ; ನೋಡಲು ಒಂದೇ ಆಗಿದ್ದು ಸಂಕೇತದಲ್ಲಿ ಬೇರೆಯಾಗಿರುವ ಜೋಡಿ ಹೆಸರುಗಳು ಎನ್‌ಎಫ್‌ಸಿ ರೂಪಕ್ಕೆ ಬಂದೊಡನೆ ಒಂದೇ ಆಗುತ್ತವೆ, ಆಗ ಡೇಟಾಬೇಸ್ ಬದಲಾವಣೆಯನ್ನು ನಿರಾಕರಿಸುತ್ತದೆ. ಇಲ್ಲಿ ತೀರ್ಮಾನ ಹೇಳಬೇಕಾದವರು ಸೂಚಿಯ ಹೊಣೆ ಹೊತ್ತವರು. ಅವರನ್ನು ‘ಏನು ಮಾಡೋಣ ಸರ್’ ಎಂದು ಕೇಳುವ ಬದಲು, ಜೋಡಿಗಳ ಪೂರ್ತಿ ಪಟ್ಟಿಯನ್ನು ಲಗತ್ತಿಸಿ, ಟಿಪ್ಪಣಿಯ ತಡೆಯ ಭಾಗವನ್ನು ಹೀಗೆ ಬರೆದೆ:

> ಪ್ರತಿ ಜೋಡಿಯಲ್ಲಿ ಹೆಚ್ಚು ಪುಸ್ತಕಗಳಿರುವ ದಾಖಲೆಯನ್ನು ಉಳಿಸಿ, ಇನ್ನೊಂದರ ಪುಸ್ತಕಗಳನ್ನು ಅದಕ್ಕೆ ಸೇರಿಸಬಹುದೇ ಸರ್? ಒಪ್ಪಿಗೆಯಿದ್ದರೆ ‘ಹೌದು’ ಎಂದರೆ ಸಾಕು. ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಲೇಖಕರಾಗಿದ್ದರೆ ಆ ಸಾಲಿನ ಸಂಖ್ಯೆ ತಿಳಿಸಿ. ಅದನ್ನು ಬಿಟ್ಟು ಉಳಿದವನ್ನು ಸೇರಿಸುತ್ತೇನೆ.

ಅವರು ಒಂದು ಸಾಲನ್ನು ಬಿಡಲು ಹೇಳಿ, ಉಳಿದವಕ್ಕೆ ಒಪ್ಪಿದರು. ಪರೀಕ್ಷಾ ಸರ್ವರ್‌ನಲ್ಲಿ ಆ ಸಾಲೊಂದನ್ನು ಬಿಟ್ಟು ಉಳಿದ ಹಳೆಯ ದಾಖಲೆಗಳು ಈಗ ಬದಲಾಗಿವೆ. ಮುಖ್ಯ ತಾಣದ ಡೇಟಾಬೇಸ್ ಇನ್ನೂ 12ರಲ್ಲಿಯೇ ಇದ್ದು, ಅದನ್ನು ಏರಿಸುವ ಕೆಲಸಕ್ಕೆ ಪ್ರತ್ಯೇಕ ಟಿಕೆಟ್ ತೆರೆದಿದ್ದೇವೆ. ‘ಸಾಫ್ಟ್‌ವೇರ್’ ಎಂಬಂಥ ಪದಗಳ ನಡುವೆ ಕಣ್ಣಿಗೆ ಕಾಣದೆ ಕೂತಿರುವ U+200C ಸಂಕೇತವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲವಾದ್ದರಿಂದ, ಅಂಥ ಪದಗಳ ಹುಡುಕಾಟ ಇನ್ನೂ ತಪ್ಪುತ್ತದೆ. ಅದು ಟಿಕೆಟ್ 47ರ ವ್ಯಾಪ್ತಿಗೆ ಸೇರಿಲ್ಲವೆಂದು ಅದರ ಕೊನೆಯ ಟಿಪ್ಪಣಿಯ ‘ಮುಗಿದದ್ದು’ ಭಾಗದಲ್ಲಿಯೇ ಬರೆದು, ಹೊಸ ಟಿಕೆಟ್‌ನ ಕೊಂಡಿಯನ್ನು ಅಲ್ಲಿ ಕೊಟ್ಟಿದ್ದೇನೆ.